ಹೊರದೇಶದ ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಇಮೇಲ್: ಆರಂಭದ ಸಾಲುಗಳು ಹೇಗಿರಬೇಕು?

ಸಿಂಧನೂರಿನ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಮಣ್ಣು ವಿಜ್ಞಾನದ ಸ್ನಾತಕೋತ್ತರ ಓದನ್ನು ಮುಗಿಸುವ ಹಂತದಲ್ಲಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ನಮ್ಮ ತಾಲ್ಲೂಕಿನ ತಗ್ಗು ಗದ್ದೆಗಳಲ್ಲಿ ಸವಳು ಯಾವ ಕಾಲದಲ್ಲಿ, ಎಷ್ಟು ಆಳದಿಂದ ಮೇಲೇರುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಪಿಎಚ್.ಡಿ. ಮಾರ್ಗದರ್ಶನ ಕೋರಿ ಆಸ್ಟ್ರೇಲಿಯದ ಪ್ರಾಧ್ಯಾಪಕಿಯೊಬ್ಬರಿಗೆ ಬರೆಯಬೇಕೆಂದಿದ್ದೇನೆ. ಅವರಿಗೆ ನನ್ನ ಪರಿಚಯವಿಲ್ಲ, ನಡುವೆ ಹೇಳುವವರೂ ಯಾರಿಲ್ಲ. ಇಂಗ್ಲಿಷಿನಲ್ಲಿ ಬರೆದುಕೊಂಡಿರುವ ಆರಂಭದ ತಾತ್ಪರ್ಯವನ್ನು ಇಲ್ಲಿ ಕೊಡುತ್ತಿದ್ದೇನೆ:

"ಮಾನ್ಯ ಸರ್, ಶುಭದಿನದ ವಂದನೆಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಭಾರತದ ಕರ್ನಾಟಕ ರಾಜ್ಯದ ರಾಯಚೂರಿನ ವಿದ್ಯಾರ್ಥಿ. ಸ್ನಾತಕೋತ್ತರ ಪದವಿಯಲ್ಲಿ 10ಕ್ಕೆ 8.4 ಅಂಕ ಪಡೆದಿದ್ದೇನೆ. ತಮ್ಮ ಅಮೋಘವಾದ ಸಂಶೋಧನೆಗಳನ್ನು ಓದಿ ಬಹಳ ಪ್ರಭಾವಿತನಾಗಿದ್ದೇನೆ. ತಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುವ ಅವಕಾಶವನ್ನು ದಯಪಾಲಿಸಿದರೆ ಚಿರಋಣಿಯಾಗಿರುತ್ತೇನೆ."

ಈ ಸಾಲುಗಳು ಸರಿಯಿವೆಯೇ? ಉಳಿದ ಪತ್ರವನ್ನು ನಾನು ನೋಡಿಕೊಳ್ಳಬಲ್ಲೆ. ಆರಂಭವೇ ತೊಡಕಾಗಿದೆ.

ಮಾನ್ವಿಯ ಓದುಗ

ತಾವು ಬರೆಯುತ್ತಿರುವುದು ಪ್ರಾಧ್ಯಾಪಕಿಗೆ ಎಂದಿರಿ. ಒಕ್ಕಣೆಯಲ್ಲಿ "ಸರ್" ಇದೆ. ಮೊದಲು ಅದನ್ನು ಬದಲಾಯಿಸಿ.

ಬಳ್ಳಾರಿ ಬಿಸಿಲು

ಆರಂಭದ ಸಾಲಿನ ಬಗ್ಗೆ ಇಷ್ಟೊಂದು ಚಿಂತಿಸುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ನಾನು ಲೋಹಶಾಸ್ತ್ರದವನು. ಒಂದೇ ಮಾದರಿಯ ಪತ್ರ ಸಿದ್ಧಪಡಿಸಿಕೊಂಡು, ಹೆಸರು ಮತ್ತು ಇತ್ತೀಚಿನ ಲೇಖನದ ಶೀರ್ಷಿಕೆಯನ್ನು ಮಾತ್ರ ಬದಲಿಸಿ ಬಹಳ ಜನರಿಗೆ ಕಳುಹಿಸಿದೆ. ಹೆಚ್ಚಿನವರು ಉತ್ತರಿಸಲಿಲ್ಲ, ಒಬ್ಬರು ಉತ್ತರಿಸಿದರು. ನಮಗೆ ಬೇಕಾದುದು ಒಂದೇ ಉತ್ತರವಲ್ಲವೇ? ಲೇಖನದ ಶೀರ್ಷಿಕೆಯನ್ನು ಮೊದಲ ಸಾಲಿನಲ್ಲೇ ಬರೆದು ಹೊಗಳಿದರೆ ಸಾಕು, ಇವನು ನಮ್ಮನ್ನು ಓದಿದ್ದಾನೆ ಎಂದು ಅವರಿಗೆ ತಿಳಿಯುತ್ತದೆ.

ಗಂಗಾವತಿ ಮೂಲದವಳು

ನಾನು ಗಂಗಾವತಿಯವಳು. ಈಗ ಹೊರದೇಶದ ಒಂದು ಪ್ರಯೋಗಾಲಯದಲ್ಲಿ ಡಾಕ್ಟರೇಟ್ ನಂತರದ ಸಂಶೋಧನೆಯಲ್ಲಿದ್ದೇನೆ. ನಮ್ಮ ಪ್ರಾಧ್ಯಾಪಕರಿಗೆ ಬರುವ ಇಂತಹ ಪತ್ರಗಳಲ್ಲಿ ಕೆಲವನ್ನು "ನೋಡಿ ಹೇಳು" ಎಂದು ನನಗೆ ಕಳುಹಿಸುತ್ತಾರೆ. ಆದ್ದರಿಂದ ಓದುವ ಕಡೆಯಿಂದ ಒಂದಿಷ್ಟು ಹೇಳಬಲ್ಲೆ.

ಪತ್ರವನ್ನು ತೆರೆಯುವ ಮೊದಲೇ ಅವರ ಕಣ್ಣಿಗೆ ಮೂರು ಸಂಗತಿಗಳು ಬೀಳುತ್ತವೆ: ಕಳುಹಿಸಿದವರ ಹೆಸರು, ವಿಷಯದ ಸಾಲು, ಮತ್ತು ಪತ್ರದ ಮೊದಲ ಕೆಲವು ಪದಗಳು. ಮೊಬೈಲಿನಲ್ಲಾದರೆ ಆ ಪದಗಳು ಒಂದು ಸಾಲಿನಷ್ಟೂ ಇರುವುದಿಲ್ಲ. ತಮ್ಮ ಕರಡಿನಲ್ಲಿ ಆ ಜಾಗವನ್ನು "ಶುಭದಿನದ ವಂದನೆಗಳು, ತಾವು ಕ್ಷೇಮವಾಗಿರುವಿರೆಂದು" ಎಂಬುದು ತುಂಬಿಬಿಡುತ್ತದೆ. ಅದೇ ಪದಗಳಿಂದ ಆರಂಭವಾಗುವ ಪತ್ರಗಳು ಅವರ ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಸಾಲಾಗಿ ಬಿದ್ದಿರುತ್ತವೆ. ಸವಳು ಎಂಬ ಮಾತು, ಭತ್ತ ಎಂಬ ಮಾತು, ತಮ್ಮನ್ನು ಉಳಿದವರಿಂದ ಬೇರ್ಪಡಿಸುವ ಯಾವ ಮಾತೂ ತೆರೆಯುವ ಮೊದಲು ಕಾಣುವುದಿಲ್ಲ. ಕ್ಷೇಮ ವಿಚಾರಿಸುವುದು ನಮ್ಮಲ್ಲಿ ಸೌಜನ್ಯ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಲ್ಲಿ ಅದು ಹೇಳಬೇಕಾದ ಮಾತಿನ ಜಾಗವನ್ನು ಕಸಿದುಕೊಳ್ಳುತ್ತದೆ.

ಬಳ್ಳಾರಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಅವರ ಕೆಲಸವನ್ನು ಮೊದಲ ಸಾಲುಗಳಲ್ಲಿ ಹೆಸರಿಸಬೇಕು ಎಂಬುದು ಸರಿ. ಆದರೆ ಶೀರ್ಷಿಕೆಯನ್ನು ಯಾರು ಬೇಕಾದರೂ ನಕಲು ಮಾಡಿ ಅಂಟಿಸಬಹುದು. ಹಾಗೆ ಅಂಟಿಸಿದಾಗ ಅಕ್ಷರದ ಗಾತ್ರವೋ ಬಣ್ಣವೋ ಉಳಿದ ಸಾಲಿಗಿಂತ ತುಸು ಬೇರೆಯಾಗಿ ಉಳಿದುಬಿಡುತ್ತದೆ. ನಾನು ನೋಡಿದ ಎಷ್ಟೋ ಪತ್ರಗಳಲ್ಲಿ ಪ್ರಾಧ್ಯಾಪಕರ ಹೆಸರು ಮತ್ತು ಲೇಖನದ ಶೀರ್ಷಿಕೆ ಮಾತ್ರ ಬೂದು ಬಣ್ಣದಲ್ಲಿ, ಬೇರೆ ಅಕ್ಷರ ವಿನ್ಯಾಸದಲ್ಲಿ ಇದ್ದವು. ಅದನ್ನು ಕಂಡ ಕೂಡಲೇ ಇದು ಎಲ್ಲರಿಗೂ ಹೋದ ಪತ್ರವೆಂದು ತಿಳಿಯುತ್ತದೆ.

ನಾನು ಹೇಳುವ ಪರೀಕ್ಷೆ ಇದು. ತಮ್ಮ ಮೊದಲ ಮೂರು ವಾಕ್ಯಗಳಲ್ಲಿ ಆ ಪ್ರಾಧ್ಯಾಪಕಿಯ ಹೆಸರನ್ನು ತೆಗೆದು ಬೇರೊಬ್ಬರ ಹೆಸರನ್ನು ಇಟ್ಟು ನೋಡಿ. ಆಗಲೂ ವಾಕ್ಯಗಳು ಸರಿಯಾಗಿ ಹೊಂದುತ್ತಿದ್ದರೆ ಅವು ಅವರಿಗೆ ಬರೆದ ವಾಕ್ಯಗಳಲ್ಲ.

ಬಳ್ಳಾರಿ ಬಿಸಿಲು

ತಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಒಬ್ಬೊಬ್ಬರ ಲೇಖನವನ್ನು ಕುಳಿತು ಓದಿ ಬರೆಯುವಷ್ಟರಲ್ಲಿ ಅರ್ಜಿಯ ಗಡುವೇ ಮುಗಿದುಹೋಗುತ್ತದೆ. ಹತ್ತು ಜನರಿಗೆ ಚೆನ್ನಾಗಿ ಬರೆದು ಒಂದೂ ಉತ್ತರ ಬಾರದಿದ್ದರೆ ಆ ವಿದ್ಯಾರ್ಥಿ ಏನು ಮಾಡಬೇಕು?

ಗಂಗಾವತಿ ಮೂಲದವಳು

ಚೆನ್ನಾಗಿ ಬರೆದರೂ ಉತ್ತರ ಬಾರದಿರುವ ಸಾಧ್ಯತೆ ಖಂಡಿತ ಇದೆ. ಅವರಲ್ಲಿ ಸ್ಥಾನವೇ ಇರದಿದ್ದರೆ ಎಂತಹ ಸಾಲೂ ಸ್ಥಾನವನ್ನು ಹುಟ್ಟಿಸುವುದಿಲ್ಲ. ಆದರೆ ಒಂದೇ ವಿಭಾಗದ ನಾಲ್ವರಿಗೆ ಒಂದೇ ದಿನ ಒಂದೇ ಮಾದರಿಯ ಪತ್ರ ಹೋದರೆ, ಅವರು ಪಕ್ಕಪಕ್ಕದ ಕೋಣೆಗಳಲ್ಲಿ ಕೂರುವವರು, ಪರಸ್ಪರ ಮಾತನಾಡುವವರು. ಆಮೇಲೆ ಆ ವಿಭಾಗದಲ್ಲಿ ತಮ್ಮ ಹೆಸರಿಗೆ ಬೆಲೆ ಉಳಿಯುವುದಿಲ್ಲ.

ರಾಯಚೂರು ಕೋಟೆ

ನನ್ನದು ಬೇರೆ ಅಭಿಪ್ರಾಯ. ಅಂಕಗಳನ್ನು ಮೊದಲ ಸಾಲಿನಲ್ಲೇ ಇಡಬೇಕು. ಅಲ್ಲಿಯವರಿಗೆ ನಮ್ಮ ವಿಶ್ವವಿದ್ಯಾಲಯಗಳ ಪರಿಚಯವಿಲ್ಲ. ರಾಯಚೂರು ಎಲ್ಲಿದೆ ಎಂದು ಅವರು ಹುಡುಕುವುದೂ ಇಲ್ಲ. ಚಿನ್ನದ ಪದಕ, ರ್‍ಯಾಂಕ್, ಅಂಕ ಇವು ಮೊದಲೇ ಕಂಡರೆ ಮುಂದಕ್ಕೆ ಓದುತ್ತಾರೆ.

ಮಾನ್ವಿಯ ಓದುಗ

ಅಮೆರಿಕದಲ್ಲಿ 4ರ ಅಳತೆ, ನಮ್ಮಲ್ಲಿ 10ರ ಅಳತೆ. 8.4 ಎಂದರೆ ಎಷ್ಟು ಎಂದು ಅವರು ಲೆಕ್ಕ ಹಾಕುತ್ತಾ ಕೂರಬೇಕೇ?

ಗಂಗಾವತಿ ಮೂಲದವಳು

ಅಂಕ ಮುಖ್ಯವಲ್ಲ ಎಂದು ನಾನು ಹೇಳಲಾರೆ. ಆಸ್ಟ್ರೇಲಿಯದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿದಾರರ ಸಾಲನ್ನು ವಿಶ್ವವಿದ್ಯಾಲಯವೇ ಜೋಡಿಸುತ್ತದೆ, ಅಲ್ಲಿ ಅಂಕ ಮತ್ತು ಪ್ರಕಟಣೆಗಳ ತೂಕ ದೊಡ್ಡದು. ಜಪಾನಿನ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನಕ್ಕೆ ವಿಶ್ವವಿದ್ಯಾಲಯದ ಶಿಫಾರಸಿನ ಮೂಲಕ ಹೋಗುವುದಾದರೆ 3ರ ಅಳತೆಯಲ್ಲಿ 2.30 ಇರಲೇಬೇಕು. ಜಪಾನಿಗೆ ಬರೆಯುವವರು ಅಂಕವನ್ನು ಬೇಗನೆ ಹೇಳಿದರೆ ನಾನು ತಪ್ಪೆನ್ನುವುದಿಲ್ಲ. ಆದರೆ ಪ್ರಾಧ್ಯಾಪಕಿ ಆರಂಭದಲ್ಲಿ ಕೇಳಿಕೊಳ್ಳುವ ಪ್ರಶ್ನೆ "ಈ ವ್ಯಕ್ತಿ ನನಗೇ ಏಕೆ ಬರೆದಿದ್ದಾರೆ?" ಎಂಬುದು. ಅಂಕ ಅದಕ್ಕೆ ಉತ್ತರವಲ್ಲ. ಅದನ್ನು ಎರಡನೆಯ ಪರಿಚ್ಛೇದದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ, ಅಂಕಪಟ್ಟಿಯನ್ನು ಲಗತ್ತಿಸಿ.

ರಾಯಚೂರಿನ ಪರಿಚಯ ಅವರಿಗಿಲ್ಲ ಎಂಬ ಮಾತು ನಿಜ. ಆದರೆ ಸವಳಿನ ಮೇಲೆ ಕೆಲಸ ಮಾಡುವವರಿಗೆ ಕಪ್ಪು ಮಣ್ಣು, ಕಾಲುವೆ ನೀರಾವರಿ, ಮೇಲೇರಿದ ಅಂತರ್ಜಲ ಎಂಬ ಮೂರು ಮಾತು ಹೇಳಿದರೆ ಆ ನೆಲ ಕಣ್ಣಿಗೆ ಕಟ್ಟುತ್ತದೆ. ಊರಿನ ಹೆಸರಿಗಿಂತ ಮೊದಲು ಅದನ್ನು ಹೇಳಿ.

ರಾಯಚೂರು ಕೋಟೆ

ಚಿನ್ನದ ಪದಕವಿದ್ದರೆ ನಾನಂತೂ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಈ ವಿಷಯದಲ್ಲಿ ತಮ್ಮ ಮಾತು ನನಗೆ ಒಪ್ಪಿಗೆಯಾಗಿಲ್ಲ.

ಕೊಪ್ಪಳದ ಶಿಕ್ಷಕಿ

ನಾನೂ ಇದೇ ಪ್ರಶ್ನೆಯನ್ನು ಕೇಳಬೇಕೆಂದಿದ್ದೆ. ಹಿರೇಬೆಣಕಲ್ ಗುಡ್ಡದ ಬೃಹತ್ ಶಿಲಾ ಸಮಾಧಿಗಳ ಮೇಲೆ ಇಲ್ಲಿಯೇ ಪಿಎಚ್.ಡಿ. ಮಾಡುತ್ತಿದ್ದೇನೆ. ನನ್ನ ಮಾರ್ಗದರ್ಶಕರು ಶಾಸನಗಳಲ್ಲಿ ಪರಿಣತರು, ಕ್ಷೇತ್ರದ ಅಳತೆಯ ಕೆಲಸ ಅವರ ವಿಷಯವಲ್ಲ. ಆದ್ದರಿಂದ ಇಂಗ್ಲೆಂಡಿನ ಒಬ್ಬ ಪ್ರಾಧ್ಯಾಪಕರಿಗೆ ಬರೆದು, ತಾವು ನನಗೆ ಸಂಶೋಧನಾ ಮಾರ್ಗದರ್ಶನ ನೀಡಬೇಕೆಂದು ಕೇಳಿಕೊಂಡೆ. ಉತ್ತರ ಬಂದಿಲ್ಲ. ಸಿಂಧನೂರಿನ ತಮ್ಮನೂ ಹೀಗೆಯೇ ಪ್ರಬಂಧಕ್ಕೆ ಸಲಹೆ ಕೇಳುತ್ತಿದ್ದಾನಲ್ಲವೇ?

ಸಿಂಧನೂರಿನ ವಿದ್ಯಾರ್ಥಿ

ಇಲ್ಲ ಅಕ್ಕ, ನಾನು ಕೇಳುತ್ತಿರುವುದು ಅಲ್ಲಿಗೆ ಹೋಗಿ ಅವರ ಕೈಕೆಳಗೆ ಪಿಎಚ್.ಡಿ. ಮಾಡುವ ಬಗ್ಗೆ. ಆದರೆ ತಮ್ಮ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಗಲಿ.

ಗಂಗಾವತಿ ಮೂಲದವಳು

ಅಕ್ಕ, ತಮ್ಮ ಸಂದರ್ಭ ಬೇರೆ, ಆದ್ದರಿಂದ ಆರಂಭವೂ ಬೇರೆಯಾಗಬೇಕು. ಬೇರೊಂದು ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಂಡವರು "ಮಾರ್ಗದರ್ಶನ ನೀಡಿ" ಎಂದು ಕೇಳಿದರೆ, ಎಷ್ಟು ಕಾಲದ, ಯಾವ ಜವಾಬ್ದಾರಿಯ ಕೆಲಸವನ್ನು ಕೇಳುತ್ತಿದ್ದಾರೆ ಎಂದು ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಸುಮ್ಮನಾಗುತ್ತಾರೆ. ತಾವು ಒಂದೇ ಒಂದು ಪ್ರಶ್ನೆಯನ್ನು ಕೇಳಿ, ಅದಕ್ಕೆ ನಾಲ್ಕು ಸಾಲಿನಲ್ಲಿ ಉತ್ತರಿಸುವಂತಿರಲಿ. ಉದಾಹರಣೆಗೆ, ಸಮಾಧಿಗಳ ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿ ಯಾವ ದಿಕ್ಕಿಗಿದೆ ಎಂದು ಅಳೆಯುತ್ತಿದ್ದೀರಾ?

ಕೊಪ್ಪಳದ ಶಿಕ್ಷಕಿ

ಹೌದು, ದಿಕ್ಸೂಚಿಯಿಂದ ಅಳೆಯುತ್ತಿದ್ದೇನೆ. ಕೆಲವು ಚಪ್ಪಡಿಗಳು ವಾಲಿವೆ, ಕೆಲವು ಬಿದ್ದಿವೆ. ಬಿದ್ದವುಗಳ ಮೂಲ ದಿಕ್ಕನ್ನು ಲೆಕ್ಕಕ್ಕೆ ಸೇರಿಸಬೇಕೇ ಬಿಡಬೇಕೇ ಎಂಬುದೇ ನನ್ನ ದೊಡ್ಡ ತೊಡಕು.

ಗಂಗಾವತಿ ಮೂಲದವಳು

ಹಾಗಾದರೆ ಅದೇ ತಮ್ಮ ಮೊದಲ ವಾಕ್ಯ. "ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಕಿಂಡಿಯುಳ್ಳ ಶಿಲಾ ಸಮಾಧಿಗಳ ದಿಕ್ಕನ್ನು ದಾಖಲಿಸುತ್ತಿದ್ದೇನೆ. ಚಪ್ಪಡಿ ವಾಲಿರುವ ಅಥವಾ ಬಿದ್ದಿರುವ ಸಮಾಧಿಗಳನ್ನು ತಮ್ಮ ಸಮೀಕ್ಷೆಯಲ್ಲಿ ಹೇಗೆ ಪರಿಗಣಿಸಿದಿರಿ ಎಂದು ತಿಳಿಯಬಯಸುತ್ತೇನೆ." ಇಷ್ಟೇ ಸಾಕು. ಇದಕ್ಕೆ ಉತ್ತರ ಬಂದ ಮೇಲೆ ಎರಡನೆಯ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಪರಿಚಯ ಬೆಳೆಯುವುದು ಹಾಗೆ.

ಹಳೆಯ ಮೇಷ್ಟ್ರು

ನಾನು ನಿವೃತ್ತ ಅಧ್ಯಾಪಕ. ಒಂದು ವಿಷಯದಲ್ಲಿ ಅಸಮಾಧಾನವನ್ನು ಹೇಳಲೇಬೇಕು. ಎಂದೂ ನೋಡಿರದ ಹಿರಿಯರಿಗೆ ವಂದನೆಯನ್ನೂ ಹೇಳದೆ ನೇರವಾಗಿ ನನ್ನ ಗದ್ದೆ, ನನ್ನ ಸವಳು ಎಂದು ಆರಂಭಿಸುವುದು ನನಗೆ ಒರಟಾಗಿ ಕಾಣುತ್ತದೆ. ನಮ್ಮ ಮಕ್ಕಳು ಹೊರಗೆ ಹೋಗುವಾಗ ನಡತೆಯನ್ನು ಬಿಟ್ಟು ಹೋಗಬಾರದು.

ಮಾನ್ವಿಯ ಓದುಗ

ಸರ್, "ಡಿಯರ್ ಪ್ರೊಫೆಸರ್" ಎಂದು ಬರೆದು ಕುಲನಾಮವನ್ನು ಸೇರಿಸಿದರೆ ಅಲ್ಲಿ ಅದೇ ಗೌರವ. ಗಂಡೋ ಹೆಣ್ಣೋ ಎಂಬ ತೊಡಕೂ ತಪ್ಪುತ್ತದೆ. ಚೀನಾ ಮೂಲದವರಿಗೆ ಬರೆಯುವಾಗ ಮಾತ್ರ ಎರಡು ಹೆಸರಿನಲ್ಲಿ ಕುಲನಾಮ ಯಾವುದೆಂದು ಅವರ ಪುಟದಲ್ಲಿ ನೋಡಿಕೊಳ್ಳಬೇಕು.

ಹಳೆಯ ಮೇಷ್ಟ್ರು

ಅಷ್ಟಾದರೂ ಇರಲಿ. ಆದರೆ ಕೊನೆಯಲ್ಲಿ ವಂದನೆ ಹೇಳದೆ ಮುಗಿಸಬೇಡಿ.

ಸಿಂಧನೂರಿನ ವಿದ್ಯಾರ್ಥಿ

ಎಲ್ಲರ ಮಾತನ್ನೂ ಓದಿದೆ. ಅವರ ಲೇಖನವೊಂದನ್ನು ಪೂರ್ತಿಯಾಗಿ ಓದಿ ಹೀಗೆ ತಿದ್ದಿದ್ದೇನೆ:

"ಡಿಯರ್ ಪ್ರೊಫೆಸರ್, ಹತ್ತಿ ಬೆಳೆಯುವ ಜೇಡಿ ಮಣ್ಣಿನಲ್ಲಿ ಅಂತರ್ಜಲದ ಮೂಲಕ ಲವಣ ಮೇಲೇರುವುದನ್ನು ಕುರಿತ ತಮ್ಮ ಲೇಖನವನ್ನು ಓದಿದೆ. ಅಂತರ್ಜಲ ಮೇಲಿದ್ದಾಗ ಆವಿಯಾಗುವಿಕೆಯಿಂದ ಲವಣವು ಮೇಲ್ಪದರದಲ್ಲಿ ಶೇಖರವಾಗುತ್ತದೆ ಎಂದು ತಾವು ತೋರಿಸಿರುವುದು ಬಹಳ ಉಪಯುಕ್ತವಾಗಿದೆ. ನಾನು ಭತ್ತದ ಗದ್ದೆಗಳಲ್ಲಿ ಇದೇ ವಿಷಯದ ಮೇಲೆ ಕೆಲಸ ಮಾಡಿದ್ದೇನೆ. ತಮ್ಮೊಂದಿಗೆ ಪಿಎಚ್.ಡಿ. ಮಾಡಲು ಇಚ್ಛಿಸುತ್ತೇನೆ."

ಗಂಗಾವತಿ ಮೂಲದವಳು

ಬಹಳ ಸುಧಾರಿಸಿದೆ. ಆದರೆ ಎರಡನೆಯ ವಾಕ್ಯವನ್ನು ನೋಡಿ. ಅವರು ಬರೆದುದನ್ನೇ ಅವರಿಗೆ ತಿರುಗಿ ಹೇಳಿದ್ದೀರಿ. ಅದನ್ನು ಲೇಖನದ ಸಾರಾಂಶವನ್ನಷ್ಟೇ ಓದಿದವರೂ ಬರೆಯಬಹುದು. ತಾವು ಪೂರ್ತಿ ಓದಿದ್ದೀರಿ ಎಂಬುದು ತಿಳಿಯಬೇಕಾದರೆ, ಅವರ ಕೆಲಸ ತಮ್ಮ ಗದ್ದೆಯಲ್ಲಿ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಹೇಳಬೇಕು.

ಅದು ತಮ್ಮಲ್ಲಿ ಇದೆ, ತಾವು ಬರೆದಿಲ್ಲ ಅಷ್ಟೇ. ಹತ್ತಿಯ ಹೊಲದಲ್ಲಿ ನೀರು ನಿಲ್ಲುವುದಿಲ್ಲ. ನಮ್ಮ ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತು ಲವಣವನ್ನು ಕೆಳಗೆ ತಳ್ಳುತ್ತದೆ, ಅದೇ ನೀರು ಅಂತರ್ಜಲವನ್ನು ಮೇಲೆತ್ತುತ್ತದೆ. ಕೊಯ್ಲಾಗಿ ಗದ್ದೆ ಖಾಲಿ ಬಿದ್ದು ಬಿಸಿಲು ಏರಿದಾಗ ಕಪ್ಪು ಮಣ್ಣು ಬಿರುಕು ಬಿಡುತ್ತದೆ, ಲವಣ ಮತ್ತೆ ಮೇಲೆ ಬಂದು ಬೆಳ್ಳಗೆ ಕೂರುತ್ತದೆ. ಒಂದೇ ವರ್ಷದಲ್ಲಿ ಕೆಳಕ್ಕೂ ಮೇಲಕ್ಕೂ ನಡೆಯುವ ಈ ಓಡಾಟ ಅವರ ಹತ್ತಿಯ ಹೊಲದಲ್ಲಿ ಹೀಗೆ ಇರಲಾರದು. ಅವರಿಗೆ ಹೊಸದಾಗಿ ಕಾಣುವುದು ಇದೇ. ತುಂಗಭದ್ರಾ ಎಡದಂಡೆಯನ್ನು ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನೇ ಹೆಚ್ಚಾಗಿ ಗಮನದಲ್ಲಿಟ್ಟು ಯೋಜಿಸಿದ್ದರು, ಭತ್ತ ಆಮೇಲೆ ಹಬ್ಬಿತು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಆದರೆ ಆ ಇತಿಹಾಸವನ್ನು ಮೊದಲ ಪತ್ರದಲ್ಲಿ ತುಂಬಬೇಡಿ.

ಕೊನೆಯ ವಾಕ್ಯವೂ ಬದಲಾಗಬೇಕು. "ಇಚ್ಛಿಸುತ್ತೇನೆ" ಎಂಬುದಕ್ಕೆ ಅವರು ಏನೆಂದು ಉತ್ತರಿಸಬೇಕು? ಹೌದು ಅಥವಾ ಇಲ್ಲ ಎಂದು ಮೊಬೈಲಿನಲ್ಲೇ ಬರೆದುಬಿಡಬಹುದಾದ ಪ್ರಶ್ನೆಯನ್ನು ಕೇಳಿ.

ಬಳ್ಳಾರಿ ಬಿಸಿಲು

ಪ್ರಾಧ್ಯಾಪಕರು ಒಪ್ಪದಿದ್ದರೆ ಎಲ್ಲಿಯೂ ಪ್ರವೇಶವೇ ಸಿಗುವುದಿಲ್ಲ, ಆದ್ದರಿಂದ ಆ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಬೇಕು.

ಗಂಗಾವತಿ ಮೂಲದವಳು

ಎಲ್ಲಿಯೂ ಎಂಬುದು ಸರಿಯಲ್ಲ. ಆಸ್ಟ್ರೇಲಿಯದಲ್ಲಿ ಸಾಮಾನ್ಯವಾಗಿ ಅರ್ಜಿಗೆ ಮೊದಲೇ ಮಾರ್ಗದರ್ಶಕರನ್ನು ಒಪ್ಪಿಸಿಕೊಂಡಿರಬೇಕು. ಅಮೆರಿಕದಲ್ಲಿ ಕೃಷಿ, ಮಣ್ಣು, ಪರಿಸರದಂತಹ ವಿಷಯಗಳಲ್ಲಿ ಪ್ರಾಧ್ಯಾಪಕರ ಯೋಜನೆಯ ಹಣದಿಂದಲೇ ವಿದ್ಯಾರ್ಥಿಯ ವೇತನ ಬರುವುದು ಹೆಚ್ಚು, ಹಾಗಾಗಿ ಮೊದಲೇ ಬರೆಯುವುದು ಬೇಕು. ಆದರೆ ಅಲ್ಲಿಯೇ ಗಣಕ ವಿಜ್ಞಾನದಂತಹ ಅನೇಕ ವಿಭಾಗಗಳಲ್ಲಿ ಸಮಿತಿಯೇ ಆರಿಸುತ್ತದೆ, ಒಬ್ಬ ಪ್ರಾಧ್ಯಾಪಕರು "ಬಾ" ಎನ್ನುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ ಪಿಎಚ್.ಡಿ. ಬಹುಪಾಲು ಜಾಹೀರಾತು ಕೊಟ್ಟು ತುಂಬುವ ಉದ್ಯೋಗ. ಅಲ್ಲಿಗೆ ಬರೆಯುವವರು ಯಾವ ಜಾಹೀರಾತನ್ನು ಕುರಿತು ಬರೆಯುತ್ತಿದ್ದೇನೆ ಎಂಬುದನ್ನೇ ಮೊದಲ ಸಾಲಾಗಿಸಬೇಕು.

ಬರೆಯುವ ಮೊದಲು ಪ್ರಯೋಗಾಲಯದ ಜಾಲತಾಣದಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಇರುವ ಪುಟವನ್ನು ಓದಿ. ವಿಷಯದ ಸಾಲಿನಲ್ಲಿ ಇಂತಹ ಪದವನ್ನು ಬರೆಯಬೇಕು ಎಂದು ಕೆಲವರು ಅಲ್ಲಿ ಸೂಚಿಸಿರುತ್ತಾರೆ. ಅದನ್ನು ಪಾಲಿಸದ ಪತ್ರವನ್ನು ಅವರು ತೆರೆಯದಿರಬಹುದು.

ಕಾರಟಗಿ ಗೆಳೆಯ

ಹಣದ ಮಾತನ್ನು ಆರಂಭದಲ್ಲೇ ಹೇಳಬೇಕೇ? ನಮ್ಮಂತಹ ಮನೆಗಳಿಂದ ಹೋಗುವವರಿಗೆ ವೇತನವಿಲ್ಲದೆ ಸಾಧ್ಯವೇ ಇಲ್ಲ. ಅದನ್ನು ಮುಚ್ಚಿಟ್ಟು ನಾಲ್ಕು ಪತ್ರ ಬರೆದು, ಆಮೇಲೆ ಇಲ್ಲವೆನಿಸಿಕೊಂಡರೆ ಇಬ್ಬರ ಕಾಲವೂ ವ್ಯರ್ಥ.

ರಾಯಚೂರು ಕೋಟೆ

ಮೊದಲ ಪತ್ರದಲ್ಲೇ ಹಣ ಕೇಳಿದರೆ ವಿದ್ಯೆಗಾಗಿ ಅಲ್ಲ, ಹಣಕ್ಕಾಗಿ ಬಂದವನು ಎಂದು ತಿಳಿಯುತ್ತಾರೆ. ಎರಡನೆಯ ಪತ್ರದವರೆಗೆ ತಡೆಯಿರಿ.

ಗಂಗಾವತಿ ಮೂಲದವಳು

ಅವರು ಹಾಗೆ ತಿಳಿಯುವುದಿಲ್ಲ, ವೇತನವಿಲ್ಲದೆ ಪಿಎಚ್.ಡಿ. ಮಾಡಬೇಕೆಂದು ಅಲ್ಲಿ ಸಾಮಾನ್ಯವಾಗಿ ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಮನೆಯ ಕಷ್ಟವನ್ನು ವಿವರಿಸುವುದು ಬೇಡ. "ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿದ್ದೇನೆ" ಎಂದು ಪ್ರಶ್ನೆಯ ಜೊತೆಗೆ ಸೇರಿಸಿದರೆ ವಿಷಯ ತಿಳಿಯುತ್ತದೆ.

ಕಾರಟಗಿ ಗೆಳೆಯ

ಅರ್ಜಿ ಹಾಕಲಿದ್ದೇನೆ ಎಂದರೆ, ಅದು ಸಿಗದಿದ್ದರೂ ಬರುತ್ತಾನೆ ಎಂದು ಅವರು ತಿಳಿದುಕೊಂಡರೆ? ನಾನಾದರೆ "ವೇತನ ಸಿಕ್ಕರೆ ಮಾತ್ರ" ಎಂದು ಸ್ಪಷ್ಟವಾಗಿ ಬರೆಯುತ್ತಿದ್ದೆ.

ಸಿಂಧನೂರಿನ ವಿದ್ಯಾರ್ಥಿ

ಇದರಲ್ಲಿ ನನಗೂ ಇನ್ನೂ ನಿರ್ಧಾರ ಬಂದಿಲ್ಲ. ಸದ್ಯಕ್ಕೆ ಗಂಗಾವತಿಯ ಅಕ್ಕ ಹೇಳಿದಂತೆ ಇಟ್ಟಿದ್ದೇನೆ. ವಿಷಯದ ಸಾಲು: "2027ರ ಪಿಎಚ್.ಡಿ. ವಿಚಾರಣೆ: ಕಪ್ಪು ಮಣ್ಣಿನ ಭತ್ತದ ಗದ್ದೆಗಳಲ್ಲಿ ಋತುವಿನೊಂದಿಗೆ ಬದಲಾಗುವ ಲವಣ". ಆರಂಭ ಹೀಗಿದೆ:

"ಡಿಯರ್ ಪ್ರೊಫೆಸರ್, ಹತ್ತಿಯ ಹೊಲಗಳಲ್ಲಿ ಲವಣ ಮೇಲೇರುವುದನ್ನು ತಾವು ಅಳೆದ ವಿಧಾನವನ್ನು ದಕ್ಷಿಣ ಭಾರತದ ಕಪ್ಪು ಮಣ್ಣಿನ ಭತ್ತದ ಗದ್ದೆಗಳಿಗೆ ಅನ್ವಯಿಸಲು ಯತ್ನಿಸಿದೆ. ಅದು ಗದ್ದೆ ಖಾಲಿ ಇರುವ ಬೇಸಿಗೆಗೆ ಹೊಂದಿತು, ನೀರು ನಿಂತಿರುವ ತಿಂಗಳುಗಳಿಗೆ ಹೊಂದಲಿಲ್ಲ. ಕೊಯ್ಲಿನ ಹೊತ್ತಿಗೆ ಮೇಲ್ಪದರದ ಲವಣಾಂಶ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಕೆಳಗಿದ್ದರೆ, ಬೇಸಿಗೆಯ ಕೊನೆಗೆ ಅದೇ ಜಾಗಗಳಲ್ಲಿ ಅದನ್ನು ಮೀರಿತ್ತು. ಈ ಏರಿಳಿತವನ್ನು ಪಿಎಚ್.ಡಿ.ಯಲ್ಲಿ ಮುಂದುವರಿಸಬಯಸುತ್ತೇನೆ. 2027ರಲ್ಲಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಿರಾ? ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲಿದ್ದೇನೆ."

ಹಳೆಯ ಮೇಷ್ಟ್ರು

ವಂದನೆ ಇಲ್ಲದಿದ್ದರೂ ಇದು ಒರಟಾಗಿ ಕಾಣಲಿಲ್ಲ. ಅವರ ಕೆಲಸವನ್ನು ಕೈಯಲ್ಲಿ ಹಿಡಿದು ನೋಡಿದವನ ಮಾತಾಗಿದೆ.

ರಾಯಚೂರು ಕೋಟೆ

"ಹೊಂದಲಿಲ್ಲ" ಎಂಬುದು ಅವರ ವಿಧಾನದಲ್ಲಿ ದೋಷ ಹುಡುಕಿದಂತೆ ಕೇಳುವುದಿಲ್ಲವೇ?

ಗಂಗಾವತಿ ಮೂಲದವಳು

ಇಲ್ಲ. ಅವರ ವಿಧಾನ ಹತ್ತಿಯ ಹೊಲಕ್ಕಾಗಿ ರೂಪಿಸಿದ್ದು, ನಿಂತ ನೀರಿಗೆ ಅಲ್ಲ. ಅದು ಎಲ್ಲಿ ನಿಲ್ಲುತ್ತದೆ ಎಂದು ಅಳೆದು ಹೇಳಿದವರ ಪತ್ರವನ್ನು ಅವರು ಆಸಕ್ತಿಯಿಂದಲೇ ಓದುತ್ತಾರೆ. ಅಳೆಯದೆ ಹೇಳಿದ್ದರೆ ಮಾತ್ರ ತಪ್ಪಾಗುತ್ತಿತ್ತು.

ತಮ್ಮಾ, ಇನ್ನು ಎರಡು ತಿದ್ದುಪಡಿ. "ಮೇಲ್ಪದರ" ಎಂದರೆ ಎಷ್ಟು ಆಳ? 15 ಸೆಂಟಿಮೀಟರ್ ಆಗಿದ್ದರೆ ಹಾಗೆಯೇ ಬರೆಯಿರಿ. ಈ ಕ್ಷೇತ್ರದವರು ಅಳತೆ ಕಂಡ ಕೂಡಲೇ ಆಳವನ್ನು ಹುಡುಕುತ್ತಾರೆ. ಹಾಗೆಯೇ ಮಣ್ಣನ್ನು ನೀರಿನಿಂದ ತೃಪ್ತಗೊಳಿಸಿ ತೆಗೆದ ದ್ರಾವಣದಲ್ಲಿ ಅಳೆದದ್ದೋ, ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆದದ್ದೋ ಎಂಬುದನ್ನೂ ಸೇರಿಸಿ. ಮಣ್ಣನ್ನು ಸವಳೆಂದು ಗುರುತಿಸುವ 4 ಎಂಬ ಗಡಿ ಮೊದಲನೆಯ ವಿಧಾನಕ್ಕೆ ಸೇರಿದ್ದು. ಎರಡನೆಯ ವಿಧಾನದಲ್ಲಿ ಅದೇ ಮಣ್ಣು ಕಡಿಮೆ ಅಂಕಿ ತೋರಿಸುತ್ತದೆ.

ಸಿಂಧನೂರಿನ ವಿದ್ಯಾರ್ಥಿ

15 ಸೆಂಟಿಮೀಟರ್, ತೃಪ್ತ ದ್ರಾವಣ. ಎರಡನ್ನೂ ಮೂರನೆಯ ವಾಕ್ಯಕ್ಕೆ ಸೇರಿಸಿದ್ದೇನೆ.

ಕೊಪ್ಪಳದ ಶಿಕ್ಷಕಿ

ನಾನು ಹಳೆಯ ಪತ್ರದ ಕೆಳಗೇ ಮುಂದುವರಿಸಬೇಕೇ, ಹೊಸದಾಗಿ ಬರೆಯಬೇಕೇ?

ಗಂಗಾವತಿ ಮೂಲದವಳು

ಹೊಸದಾಗಿ ಬರೆಯಿರಿ ಅಕ್ಕ. ಹಳೆಯದರ ಕೆಳಗೆ ಬರೆದರೆ ಪಟ್ಟಿಯಲ್ಲಿ ಹಳೆಯ ವಿಷಯದ ಸಾಲೇ ಕಾಣುತ್ತದೆ. ಹೊಸ ಸಾಲಿನಲ್ಲಿ ಹಿರೇಬೆಣಕಲ್ ಮತ್ತು ಕಿಂಡಿಯ ದಿಕ್ಕು ಎಂಬ ಎರಡು ಮಾತು ಇರಲಿ.